ಕಾರಿನ ತಲೆಮೇಲಿನ ಪೆಟ್ಟಿಗೆ ಎಷ್ಟು ಪೆಟ್ರೋಲ್ ಕುಡೀತದೆ: ಅಳೆದು ನೋಡಿದ ನನ್ನ ಅನುಭವ

ಸೋಲಾರ್ ವಾಟರ್ ಹೀಟರ್ ಫಿಟ್ಟಿಂಗ್ ನನ್ನ ಕೆಲಸ, ವಾರಕ್ಕೆ ಎರಡು ಸಲ ಕಾರವಾರದಿಂದ ಭಟ್ಕಳಕ್ಕೆ ಹೋಗೋದಿರ್ತದೆ. ಪೈಪು ಟೂಲ್ಸು ಹಾಕ್ಲಿಕ್ಕೆ ಅಂತ ಕಾರಿನ ಕ್ಯಾರಿಯರ್ ಮೇಲೆ ಪ್ಲೈವುಡ್ ಪೆಟ್ಟಿಗೆ ಕೂರ್ಸಿದೆ, ಒಂದು ಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರ. ಮೊದ್ಲು ಹೈವೇಲಿ 80ರಲ್ಲಿ ಹೋದ್ರೆ ಲೀಟರಿಗೆ ಇಪ್ಪತ್ತೊಂದೂವರೆ ಕಿಮೀ ಬರ್ತಿತ್ತು, ಪೆಟ್ಟಿಗೆ ಬಂದ್ಮೇಲೆ ಹದಿನೇಳೂವರೆಗೆ ಇಳೀತು. ಪ್ರತಿ ಸಲನೂ ಟ್ಯಾಂಕ್ ಫುಲ್ ಮಾಡಿ ಲೆಕ್ಕ ಹಾಕಿದ್ದು.

"ಭಾರ ಜಾಸ್ತಿ ಆಯ್ತಲ್ಲ ಭಾವ, ಅದ್ಕೇ" ಅಂದ ಹೆಂಡತಿಯ ತಮ್ಮ. ಆದ್ರೆ 1,100 ಕೆಜಿ ಗಾಡಿಗೆ 40 ಕೆಜಿ ಸೇರಿದ್ರೆ ಟಯರ್ ಎಳೆತ ಹೆಚ್ಚೋದು ನಾಲ್ಕೈದು ನ್ಯೂಟನ್ ಅಷ್ಟೇ, ಸಪಾಟು ರೋಡಲ್ಲಿ ಅದ್ರಿಂದ ಇಷ್ಟು ಮೈಲೇಜ್ ಬೀಳೋದಿಲ್ಲ. ಹಾಗಾಗಿ ಗಾಳಿದು ಎಷ್ಟು ಅಂತ ಅಳೆದೇ ಬಿಡುವ ಅಂತ ಹೊರಟೆ. ಸೂತ್ರ ಇದು:

```
F = 0.5 × ρ × Cd × A × v²
```

F ಅಂದ್ರೆ ಗಾಳಿಯ ಎಳೆತ, ನ್ಯೂಟನ್ ಲೆಕ್ಕದಲ್ಲಿ. v ಅಂದ್ರೆ ವೇಗ, ಸೆಕೆಂಡಿಗೆ ಎಷ್ಟು ಮೀಟರ್ ಅಂತ. ρ ಅಂದ್ರೆ ಗಾಳಿಯ ಸಾಂದ್ರತೆ, ನಮ್ಮ ಕರಾವಳಿ ಸೆಕೆಗೆ ಘನ ಮೀಟರಿಗೆ ಸುಮಾರು 1.16 ಕೆಜಿ. A ಅಂದ್ರೆ ಗಾಡಿಯ ಎದುರಿನ ವಿಸ್ತೀರ್ಣ, Cd ಅಂದ್ರೆ ಆಕಾರದ ಡ್ರ್ಯಾಗ್ ಕೋಎಫಿಶಿಯೆಂಟ್. ಗಾಳಿಗೆ ಸಿಗೋದು ಇವೆರಡರ ಗುಣಾಕಾರ, ಒಂದೇ ನೋಡಿದ್ರೆ ಮೋಸ ಹೋಗ್ತೇವೆ. ದೊಡ್ಡ ಎಸ್‌ಯುವಿ ಒಂದರ ಕೋಎಫಿಶಿಯೆಂಟ್ 0.33 ಇದ್ರೂ ವಿಸ್ತೀರ್ಣ 2.75 ಚದರ ಮೀಟರ್ ಇದ್ರೆ ಗುಣಾಕಾರ 0.91 ಆಗ್ತದೆ, 0.34 ಇರೋ ಸಣ್ಣ ಕಾರಿಂದು 0.71ರ ಹತ್ರ ನಿಲ್ತದೆ.

ವಿಸ್ತೀರ್ಣ ಅಳೀಲಿಕ್ಕೆ ಮಾಲಾದೇವಿ ಮೈದಾನದಲ್ಲಿ ಕಾರು ನಿಲ್ಸಿ, ಪಕ್ಕದಲ್ಲೇ ಒಂದು ಮೀಟರ್ ಕೋಲು ಊರಿ, 50 ಮೀಟರ್ ದೂರದಿಂದ ಜೂಮ್ ಹಾಕಿ ಎದುರಿಂದ ಫೋಟೋ ತೆಗ್ದೆ (ಹತ್ರದಿಂದ ತೆಗೆದ್ರೆ ಬಂಪರ್ ದೊಡ್ಡದಾಗಿ, ಹಿಂದಿಂದು ಸಣ್ಣದಾಗಿ ಕಾಣ್ತದೆ, ಲೆಕ್ಕ ತಪ್ತದೆ). ಪ್ರಿಂಟ್ ಮೇಲೆ ಗ್ರಾಫ್ ಶೀಟ್ ಇಟ್ಟು ಚೌಕ ಎಣಿಸಿದಾಗ ಪೆಟ್ಟಿಗೆ ಇಲ್ದೆ 2.1, ಇದ್ರೆ 2.45 ಚದರ ಮೀಟರ್.

ಇನ್ನು ಎಳೆತ. ಜನವರೀಲಿ ಬೆಳಿಗ್ಗೆ ಐದೂವರೆಗೆ, ಸಮುದ್ರದ ಗಾಳಿ ಏಳೋದ್ರೊಳಗೆ, ಅಂಕೋಲಾ ದಾಟಿ ಒಂದು ಸಪಾಟು ತುಂಡಲ್ಲಿ, ಹಿಂದೆ ಯಾವ ಗಾಡಿನೂ ಇಲ್ಲದಾಗ ನ್ಯೂಟ್ರಲ್ ಮಾಡಿ 85ರಿಂದ 75ಕ್ಕೆ ಇಳೀಲಿಕ್ಕೆ ಎಷ್ಟು ಸೆಕೆಂಡು ಅಂತ ಹೆಂಡತಿಯ ತಮ್ಮ ಬರ್ಕೊಂಡ. ಎಂಜಿನ್ ಆಫ್ ಮಾಡ್ಬಾರ್ದು, ಬ್ರೇಕು ಸ್ಟೇರಿಂಗು ಎರಡೂ ಗಟ್ಟಿ ಆಗ್ತದೆ. ಆಮೇಲೆ 35ರಿಂದ 25ಕ್ಕೆ ಅದೇ ಥರ. ಸ್ಪೀಡೋಮೀಟರ್ ಹೆಚ್ಚೇ ತೋರಿಸ್ತದೆ, ಅದ್ಕೆ ಮೊಬೈಲ್ ಜಿಪಿಎಸ್ ಸ್ಪೀಡ್ ನೋಡಿದ್ದು. ಮೊದಲನೇ ದಿನ ಒಂದೇ ದಿಕ್ಕಲ್ಲಿ ಮಾಡಿ ತಲೆಬುಡ ಇಲ್ಲದ ನಂಬರ್ ಬಂತು. ಕಣ್ಣಿಗೆ ಸಪಾಟು ಕಂಡ್ರೂ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿದ್ರೆ ಸಾಕು, ಅದೇ ನೂರು ನ್ಯೂಟನ್ ಮೇಲೆ ತಳ್ತದೆ. ಹೋಗ್ತಾ ಬರ್ತಾ ಎರಡೂ ಮಾಡಿ ಸರಾಸರಿ ತೆಗೀಲೇಬೇಕು.

ಪೆಟ್ಟಿಗೆ ಇಲ್ದೆ 9.6 ಸೆಕೆಂಡು, ನಿಧಾನದಲ್ಲಿ 21. ವೇ ಬ್ರಿಡ್ಜಲ್ಲಿ ಬಂದ ತೂಕಕ್ಕೆ ತಿರುಗೋ ಚಕ್ರಗಳ ಲೆಕ್ಕ ಅಂತ ಮೂರು ಪರ್ಸೆಂಟ್ ಸೇರಿಸಿ 1,120 ಕೆಜಿ ಹಿಡಿದ್ರೆ, 80ರಲ್ಲಿ ಎಳೆತ 324 ನ್ಯೂಟನ್, 30ರಲ್ಲಿ 148. ಟಯರಿಂದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಕಳೆದಾಗ ಅದು ಹೋಗ್ತದೆ, ಉಳಿಯೋ 176 ಪೂರ್ತಿ ಗಾಳಿದು. ಸೂತ್ರದಲ್ಲಿ v² ಜಾಗಕ್ಕೆ ಎರಡೂ ವೇಗದ ವರ್ಗಗಳ ವ್ಯತ್ಯಾಸ ಹಾಕಿದಾಗ ಗುಣಾಕಾರ 0.71 ಬಂತು, 2.1ರಿಂದ ಭಾಗಿಸಿದ್ರೆ ಕೋಎಫಿಶಿಯೆಂಟ್ 0.34.

ಪೆಟ್ಟಿಗೆ ಇಟ್ಟಾಗ 7.7 ಮತ್ತು 19.4 ಸೆಕೆಂಡು, ತೂಕಕ್ಕೆ ಆ 40 ಕೆಜಿನೂ ಸೇರಿಸಿದ್ರೆ ಗುಣಾಕಾರ 1.02! ವಿಸ್ತೀರ್ಣ ಹೆಚ್ಚಿದ್ದಷ್ಟೇ ಆಗಿದ್ರೆ 0.83 ಬರ್ಬೇಕಿತ್ತು. ಅಂದ್ರೆ ಕೋಎಫಿಶಿಯೆಂಟೂ 0.42ಕ್ಕೆ ಹೋಗಿದೆ. ಚೌಕ ಮುಖಕ್ಕೆ ಗಾಳಿ ಬಡಿದು ನಿಲ್ತದೆ, ಮೊದ್ಲು ಮಾಡಿಗೆ ಅಂಟ್ಕೊಂಡು ಹಿಂದಿನ ಗ್ಲಾಸ್ ತನಕ ಇಳೀತಿದ್ದ ಗಾಳಿ ಈಗ ಪೆಟ್ಟಿಗೆ ಹಿಂದೆ ಸುಳಿಯಾಗಿ ಹರಿದುಹೋಗ್ತದೆ. ನನಗೆ ಇಡೀ ಕೆಲಸದಲ್ಲಿ ಸಿಕ್ಕಿದ ದೊಡ್ಡ ವಿಷಯ ಇದೇ.

80ರಲ್ಲಿ ಒಟ್ಟು ಎಳೆತ ಸುಮಾರು 29 ಪರ್ಸೆಂಟ್ ಹೆಚ್ಚಿತ್ತು, ಆದ್ರೆ ಕಿಮೀಗೆ ಪೆಟ್ರೋಲ್ ಹೆಚ್ಚಿದ್ದು 23 ಪರ್ಸೆಂಟ್. ಲೋಡ್ ಜಾಸ್ತಿ ಆದಾಗ ಎಂಜಿನ್ ಸ್ವಲ್ಪ ಚೆನ್ನಾಗಿ ಕೆಲಸ ಮಾಡ್ತದೆ, ಅಷ್ಟು ತಪ್ಪಿಸ್ತು.

ಆಮೇಲೆ ಪೆಟ್ಟಿಗೆ ಹೊಸದಾಗಿ ಮಾಡ್ಸಿದೆ, ಎತ್ತರ 18 ಸೆಂಟಿಮೀಟರ್, ಉದ್ದ ಜಾಸ್ತಿ, ಮುಂದಿನ ಹಲಗೆ ಓರೆ. ಸಾಮಾನು ಅಷ್ಟೇ, ಭಾರನೂ ಅಷ್ಟೇ. 80ರಲ್ಲಿ 8.7 ಸೆಕೆಂಡು, ಗುಣಾಕಾರ 0.85, ಮೈಲೇಜ್ ಹತ್ತೊಂಬತ್ತೂವರೆ. ಶಿರಸಿ ಕಡೆ ಕೆಲಸ ಇದ್ದಾಗ ದೇವಿಮನೆ ಘಾಟ್ ಹತ್ತೋವಾಗ ಹಳೇ ಪೆಟ್ಟಿಗೆಗೂ ಇದಕ್ಕೂ ವ್ಯತ್ಯಾಸನೇ ಗೊತ್ತಾಗ್ಲಿಲ್ಲ, ಅಲ್ಲಿ ಸ್ಪೀಡೇ 30–40, ಎಳೆಯೋದು ಗಾಳಿ ಅಲ್ಲ, ಭಾರ.