ಸೆಪ್ಟೆಂಬರ್‌ನಲ್ಲಿ ಹೊಸ ವರ್ಷ: ಇಥಿಯೋಪಿಯಾಕ್ಕೆ ನಾನು ಶುಭಾಶಯ ಕಳಿಸುವ ಬಗೆ

ನಾವು ಬೆಂಗಳೂರಿನಲ್ಲಿ ಕಾಫಿ ಪಲ್ಪರ್ ಮತ್ತು ಹಲ್ಲರ್ ಯಂತ್ರಗಳ ಬಿಡಿಭಾಗ ಮಾಡುತ್ತೇವೆ. ಅದರಲ್ಲಿ ಒಂದು ಪಾಲು ಇಥಿಯೋಪಿಯಾಕ್ಕೆ ಹೋಗುತ್ತದೆ. ಅಡಿಸ್ ಅಬಾಬಾದ ಒಂದು ಕಂಪನಿ ನಮ್ಮ ಮಾಲು ತರಿಸಿಕೊಂಡು ಅಲ್ಲಿಯವರಿಗೆ ಮಾರುತ್ತದೆ. ಮಾಲೀಕರು ಆರ್ಥೊಡಾಕ್ಸ್ ಕ್ರೈಸ್ತರು. ಆಮದು ನೋಡಿಕೊಳ್ಳುವವರು ಮುಸ್ಲಿಮರು. ಇಬ್ಬರಿಗೂ ಹಬ್ಬದ ಶುಭಾಶಯ ಕಳಿಸುವುದು ನನ್ನ ಪಾಲಿನ ಕೆಲಸ.

ಜನವರಿ 1ಕ್ಕೆ ನಾನು ಅವರಿಗೆ ಏನೂ ಕಳಿಸುವುದಿಲ್ಲ. ಅವರಿಗೆ ಅದು ಹೊರಗಿನವರ ಹೊಸ ವರ್ಷ. ಅವರ ವರ್ಷ ಶುರುವಾಗುವುದು ಮೆಸ್ಕೆರೆಮ್ ತಿಂಗಳ 1ಕ್ಕೆ, ನಮ್ಮ ಗೋಡೆಯ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ 11. ಹಬ್ಬದ ಹೆಸರು ಎಂಕುತಾತಾಶ್. ಜೂನ್‌ನಿಂದ ಸುರಿದ ದೊಡ್ಡ ಮಳೆ ಆ ಹೊತ್ತಿಗೆ ಹಿಂದೆ ಸರಿಯುತ್ತದೆ, ಗುಡ್ಡಗಳ ಮೇಲೆ ಹಳದಿ ಹೂ ಬಿಡುತ್ತದೆ. ಅಲ್ಲಿ ಕಾಫಿ ಕೊಯ್ಲು ಶುರುವಾಗುವುದು ಹೆಚ್ಚುಕಮ್ಮಿ ಅಕ್ಟೋಬರ್‌ನಲ್ಲಿ. ಅಂದರೆ ನಮ್ಮ ವ್ಯಾಪಾರಕ್ಕೂ ಅದು ವರ್ಷದ ಬಾಗಿಲು.

ಈ ಹಬ್ಬವನ್ನೇ ಮುಖ್ಯವಾಗಿ ಇಟ್ಟುಕೊಂಡಿರುವುದಕ್ಕೆ ಇನ್ನೊಂದು ಕಾರಣವಿದೆ. ಹೊಸ ವರ್ಷ ಇಡೀ ದೇಶದ ರಜೆ. ಮಾಲೀಕರಿಗೂ ಆಮದಿನವರಿಗೂ ಒಂದೇ ದಿನ, ಒಂದೇ ಮಾತು ಕಳಿಸಬಹುದು. ಅವರ ಕ್ರಿಸ್‌ಮಸ್ ಗೆನ್ನಾ, ಜನವರಿ 7ಕ್ಕೆ. ಅದನ್ನು ಮಾಲೀಕರಿಗೆ ಮಾತ್ರ ಕಳಿಸುತ್ತೇನೆ. ಡಿಸೆಂಬರ್ 25ಕ್ಕೆ ಕಳಿಸಿದರೆ ಅವರು ಇನ್ನೂ ಉಪವಾಸದಲ್ಲಿ ಇರುತ್ತಾರೆ! ಈದ್ ಶುಭಾಶಯ ಆಮದಿನವರಿಗೆ ಹೋಗುತ್ತದೆ, ಅದೂ ಚಂದ್ರ ಕಂಡ ಸುದ್ದಿ ಬಂದ ಮೇಲೆ. ಮೊದಲೇ ತಾರೀಖು ಹಾಕಿ ಮೇಲ್ ಶೆಡ್ಯೂಲ್ ಮಾಡುವುದಿಲ್ಲ.

ಈಗ ತಾರೀಖಿನ ವಿಷಯ. ಇಥಿಯೋಪಿಯಾದ ವರ್ಷಕ್ಕೆ 13 ತಿಂಗಳು. 12 ತಿಂಗಳಿಗೆ ತಲಾ 30 ದಿನ, ಕೊನೆಗೆ ಪಾಗುಮೆ ಅನ್ನುವ ಪುಟ್ಟ ತಿಂಗಳು, 5 ದಿನದ್ದು. ನಾಲ್ಕು ವರ್ಷಕ್ಕೊಮ್ಮೆ ಪಾಗುಮೆಗೆ 6 ದಿನ ಬರುತ್ತದೆ, ಆಗ ಹೊಸ ವರ್ಷ ಸೆಪ್ಟೆಂಬರ್ 12ಕ್ಕೆ ಜಾರುತ್ತದೆ. ನಾನು ನೆನಪಿಟ್ಟುಕೊಂಡಿರುವುದು ಇಷ್ಟೇ: ಮುಂದಿನ ವರ್ಷದ ಫೆಬ್ರವರಿಗೆ 29 ದಿನ ಇದ್ದರೆ, ಈ ಸೆಪ್ಟೆಂಬರ್‌ನಲ್ಲಿ ಒಂದು ದಿನ ತಡ. 2023ರಲ್ಲಿ 12ಕ್ಕೆ ಬಂತು, 2024 ಮತ್ತು 2025ರಲ್ಲಿ 11ಕ್ಕೆ. ಇನ್ನು 12ಕ್ಕೆ ಬರುವುದು 2027ರಲ್ಲಿ.

ವರ್ಷದ ಸಂಖ್ಯೆಯೂ ಬೇರೆ. ಸೆಪ್ಟೆಂಬರ್ 2025ಕ್ಕೆ ಅವರಿಗೆ 2018 ಶುರುವಾಯಿತು. ಹೊಸ ವರ್ಷದ ನಂತರ ನಮ್ಮ ಸಂಖ್ಯೆಯಿಂದ 7 ಕಳೆಯಬೇಕು, ಜನವರಿ ಬಂದ ಮೇಲೆ 8. ಶುಭಾಶಯದಲ್ಲಿ ‘2018’ ಅಂತ ಬರೆದರೆ ಅವರಿಗೆ ಖುಷಿ, ‘2025’ ಅಂತ ಬರೆದರೆ ಯಾವುದೋ ರೆಡಿಮೇಡ್ ಕಾರ್ಡ್ ಕಳಿಸಿದಂತೆ ಕಾಣುತ್ತದೆ. ಇದರಲ್ಲಿ ಕಾಗದಪತ್ರದ ಲಾಭವೂ ಇದೆ. ಅಲ್ಲಿಂದ ಬರುವ ಪತ್ರಗಳಲ್ಲಿ ತಾರೀಖಿನ ಪಕ್ಕ ಇ.ಸಿ. ಅಂತ ಇದ್ದರೆ ಇಥಿಯೋಪಿಯಾದ ಲೆಕ್ಕ, ಜಿ.ಸಿ. ಅಂತ ಇದ್ದರೆ ನಮ್ಮ ಲೆಕ್ಕ. ಆ ಎರಡಕ್ಷರ ಇಲ್ಲದೆ 01/01/2018 ಅಂತ ಬಂದರೆ, ಏಳು ವರ್ಷ ಹಳೆಯ ಪತ್ರ ಅಂತ ನಮ್ಮ ಅಕೌಂಟ್ಸ್‌ನವರು ಪಕ್ಕಕ್ಕಿಡುತ್ತಾರೆ. ಅದು 2025ರ ಸೆಪ್ಟೆಂಬರ್ 11 ಅಲ್ವಾ?

ಹೆಸರಿನಲ್ಲಿ ಮಾತ್ರ ನಮಗೆ ಅವರು ಬಹಳ ಹತ್ತಿರ. ಅವರಿಗೆ ಮನೆತನದ ಹೆಸರು ಅಂತ ಇರುವುದಿಲ್ಲ. ಅಬೆಬೆ ಕೆಬೆಡೆ ಅಂತ ಒಂದು ಹೆಸರು ಇಟ್ಟುಕೊಳ್ಳಿ. ಅಬೆಬೆ ಅವರ ಹೆಸರು, ಕೆಬೆಡೆ ಅಪ್ಪನ ಹೆಸರು. ನಮ್ಮಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುತ್ತದೆ, ಅವರಲ್ಲಿ ಪೂರ್ತಿಯಾಗಿ ಹಿಂದೆ. ಆದ್ದರಿಂದ ‘ಮಿಸ್ಟರ್ ಕೆಬೆಡೆ’ ಅಂತ ಶುರು ಮಾಡಿದರೆ ಶುಭಾಶಯ ಅಪ್ಪನಿಗೆ ಹೋಗುತ್ತದೆ. ‘ಅತೊ ಅಬೆಬೆ’ ಸರಿ. ಅತೊ ಅಂದರೆ ಗಂಡಸರಿಗೆ ಹಾಕುವ ಗೌರವದ ಮಾತು, ಮದುವೆಯಾದ ಹೆಂಗಸರಿಗೆ ವೈಝೆರೊ. ಮೇಲ್ ವಿಳಾಸ ಪುಸ್ತಕದಲ್ಲಿ ಕಂಪ್ಯೂಟರ್ ಎರಡನೇ ಹೆಸರನ್ನು ಸರ್‌ನೇಮ್ ಅಂತ ತೆಗೆದುಕೊಂಡಿರುತ್ತದೆ, ಅದನ್ನು ಒಮ್ಮೆ ಕೈಯಲ್ಲೇ ತಿದ್ದಬೇಕು.

2025ರಲ್ಲಿ ಕಳಿಸಿದ್ದು ನಾಲ್ಕು ಸಾಲು. ಮೊದಲಿಗೆ ‘ಮೆಲ್ಕಾಮ್ ಅಡಿಸ್ ಅಮೆತ್’, ಹೊಸ ವರ್ಷಕ್ಕೆ ಅವರು ಹೇಳುವ ಮಾತು. ಆಮೇಲೆ ಇಂಗ್ಲಿಷ್‌ನಲ್ಲಿ, 2018 ನಿಮಗೆ, ಮನೆಯವರಿಗೆ, ಅಂಗಡಿಯ ಎಲ್ಲರಿಗೂ ಒಳ್ಳೆಯದಾಗಲಿ ಎಂದು. ಮೂರನೆಯದು, ಮಳೆ ಚೆನ್ನಾಗಿ ಆಗಿದೆ ಎಂದು ನೀವು ಬರೆದಿದ್ದಿರಿ, ಕೊಯ್ಲು ಅಷ್ಟೇ ಚೆನ್ನಾಗಿ ಆಗಲಿ. ಕೊನೆಗೆ ನಮ್ಮ ವರ್ಕ್‌ಶಾಪಿನ ಎಲ್ಲರ ಪರವಾಗಿ ನನ್ನ ಹೆಸರು. ಬಾಕಿ ಹಣ, ಹಲ್ಲರ್ ಜಾಲರಿಯ ಹೊಸ ರೇಟು, ಯಾವುದೂ ಅದರಲ್ಲಿ ಇರಲಿಲ್ಲ. ಹಬ್ಬದ ನೆಪದಲ್ಲಿ ವಸೂಲಿ ಮಾಡುವುದು ಯಾವ ಊರಿನಲ್ಲೂ ಚೆನ್ನಾಗಿ ಕಾಣುವುದಿಲ್ಲ. ಬಾಕಿ, ರೇಟಿನ ಮೇಲ್ ಎರಡು ದಿನ ಬಿಟ್ಟು ಹೋಗುತ್ತದೆ. ಸೆಪ್ಟೆಂಬರ್ 27ಕ್ಕೆ ಮೆಸ್ಕೆಲ್ ಹಬ್ಬ, ಆವತ್ತೂ ರಜೆ. ಬ್ಯಾಂಕಿನ ಕೆಲಸ ಇದ್ದರೆ ಈ ಎರಡು ಹಬ್ಬಗಳ ನಡುವೆ ಮುಗಿಸಿಕೊಳ್ಳಲು ಹೇಳುತ್ತೇನೆ.

ಫೋನ್ ಮಾಡುವುದಾದರೆ ಗಡಿಯಾರದ ಬಗ್ಗೆಯೂ ಹುಷಾರಾಗಿರಬೇಕು. ಅವರ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಅದು ಸುಲಭ. ಆದರೆ ಅಲ್ಲಿ ದಿನದ ಗಂಟೆ ಎಣಿಸುವುದು ಬೆಳಿಗ್ಗೆ ಆರರಿಂದ. ಅವರ ಬಾಯಲ್ಲಿ ‘ಮೂರು ಗಂಟೆ’ ಅಂದರೆ ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಒಂಬತ್ತು. ಹೊರಗಿನವರ ಜೊತೆ ಮಾತಾಡುವಾಗ ಹೆಚ್ಚಿನವರು ನಮ್ಮ ಪದ್ಧತಿಯಲ್ಲೇ ಹೇಳುತ್ತಾರೆ, ಆದರೂ ನಾನು ಬೆಳಿಗ್ಗೆಯೋ ಮಧ್ಯಾಹ್ನವೋ ಅಂತ ಕೇಳಿಬಿಡುತ್ತೇನೆ.

ತಿಂಡಿ ಕಳಿಸುವುದು ಬಹಳ ಜನ ಎಡವುವ ಜಾಗ. ಬೆಂಗಳೂರಿನವರು ಅಂದ ಮೇಲೆ ಮೈಸೂರ್ ಪಾಕ್ ಅಂತ ಮೊದಲು ಹೊಳೆಯುತ್ತದೆ. ಅದರಲ್ಲಿ ತುಪ್ಪ. ಆರ್ಥೊಡಾಕ್ಸ್‌ನವರು ಉಪವಾಸದ ದಿನ ಮಾಂಸ ಬಿಡುವುದಲ್ಲದೆ ಹಾಲು, ಬೆಣ್ಣೆ, ತುಪ್ಪವನ್ನೂ ಬಿಡುತ್ತಾರೆ. ಬುಧವಾರ, ಶುಕ್ರವಾರ ಉಪವಾಸ, ಈಸ್ಟರ್‌ಗೆ ಮುಂಚೆ 55 ದಿನ ಉಪವಾಸ. 2026ರ ಸೆಪ್ಟೆಂಬರ್ 11 ಶುಕ್ರವಾರವೇ ಬರುತ್ತದೆ. ಹಾಗಾಗಿ ನಾನು ಕಳಿಸುವುದು ಕಡಲೆಬೀಜದ ಚಿಕ್ಕಿ, ಬರೀ ಬೆಲ್ಲ ಮತ್ತು ಬೀಜ. ಡಬ್ಬಿಯ ಮೇಲೆ ‘ಹಾಲು, ಬೆಣ್ಣೆ, ತುಪ್ಪ ಇಲ್ಲ’ ಅಂತ ಇಂಗ್ಲಿಷ್‌ನಲ್ಲಿ ಚೀಟಿ ಅಂಟಿಸುತ್ತೇವೆ. ಆಮದಿನವರಿಗೂ ಅದೇ ಡಬ್ಬಿ ನಡೆಯುತ್ತದೆ. ಜೊತೆಗೆ ಒಂದು ಪೊಟ್ಟಣ ಅಗರಬತ್ತಿ. ಅವರು ಮನೆಯಲ್ಲಿ ಕಾಫಿ ಹುರಿದು ಕುಡಿಸುವಾಗ ಧೂಪ ಹಚ್ಚುವ ರೂಢಿ ಇದೆ, ಅದಕ್ಕೆ ಇದು ಹೊಂದುತ್ತದೆ. ಕಾಫಿಪುಡಿ ಕಳಿಸೋಣ ಅಂತ ವರ್ಕ್‌ಶಾಪಿನಲ್ಲಿ ಒಬ್ಬರು ಹೇಳಿದ್ದರು. ಕಾಫಿ ಹುಟ್ಟಿದ ನಾಡಿಗೇ ಕಾಫಿಪುಡಿಯೇ!

ಡಬ್ಬಿ ಕೊರಿಯರ್‌ನಲ್ಲಿ ಹೋಗುವುದಿಲ್ಲ, ಆಗಸ್ಟ್‌ನ ಬಿಡಿಭಾಗದ ಪೆಟ್ಟಿಗೆಯ ಜೊತೆಗೇ ಹೋಗುತ್ತದೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಅದನ್ನೂ ಬರೆಯುತ್ತೇವೆ, ಬೆಲೆಯ ಸಮೇತ. ಬರೆಯದೆ ಒಳಗಿಟ್ಟರೆ ಅಲ್ಲಿನ ಕಸ್ಟಮ್ಸ್‌ನವರು ಇಡೀ ಪೆಟ್ಟಿಗೆ ಬಿಚ್ಚಿ ಕೂತರೂ ಏನೂ ಕೇಳುವ ಹಾಗಿಲ್ಲ.

ಅವರ ಕಡೆಯಿಂದ ನನಗೆ ಜನವರಿ 1ಕ್ಕೆ ಶುಭಾಶಯ ಬರುತ್ತಿತ್ತು. ನಾನು ಥ್ಯಾಂಕ್ಸ್ ಹೇಳಿ, ನಮ್ಮ ಹೊಸ ವರ್ಷ ಯುಗಾದಿ, ಈ ಸಲ ಮಾರ್ಚ್ 30ಕ್ಕೆ ಅಂತ 2025ರಲ್ಲಿ ಬರೆದೆ. ಚಂದ್ರನ ಲೆಕ್ಕ, ವರ್ಷ ವರ್ಷ ಬದಲಾಗುತ್ತದೆ ಅಂತಲೂ ಸೇರಿಸಿದೆ. ಆಮದಿನವರು ತಕ್ಷಣ ಉತ್ತರ ಕೊಟ್ಟರು: ‘ಹಾಗಾದರೆ ಪ್ರತಿ ವರ್ಷ ತಾರೀಖು ನೀವೇ ತಿಳಿಸಬೇಕು.’ 2026ಕ್ಕೆ ಮಾರ್ಚ್ 19 ಅಂತ ಫೆಬ್ರವರಿಯಲ್ಲೇ ಬರೆದು ಕಳಿಸಿದೆ.