ಹಾಸಿಗೆಯ ಟ್ಯಾಗಿನ ಫೋಟೋ ನೋಡಿ ಬೆಲೆ ಅಳೆದದ್ದು

ನನ್ನದು ಶಿವಮೊಗ್ಗದಲ್ಲಿ ಸೋಫಾ, ಕುಶನ್ ಕೆಲಸ. ಫೋಮ್ ಕತ್ತರಿಸೋದೇ ದಿನದ ಕಸುಬಾದ್ದರಿಂದ ನೆಂಟರಿಷ್ಟರು ಹಾಸಿಗೆ ಅಂಗಡಿಗೆ ಹೋದರೆ ಟ್ಯಾಗಿನ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಹೊಸದಾಗಿ ಮನೆ ಮಾಡಿದ ಅಕ್ಕನ ಮಗಳು ಕಳಿಸಿದ್ದು ಹೀಗಿತ್ತು: ಅಳತೆ 78 × 60 × 6 ಇಂಚು, ಎಚ್‌ಡಿ ಫೋಮ್, 40 ಡೆನ್ಸಿಟಿ, ಮೀಡಿಯಂ ಫರ್ಮ್, ಎಂಆರ್‌ಪಿ 24,999 ರೂಪಾಯಿ. ಕೆಳಗೆ ಅವಳ ಸಾಲು: "ಮಾಮ, 11,500ಕ್ಕೆ ಕೊಡ್ತೀನಿ ಅಂತಿದಾರೆ. ತಗೊಳ್ಲಾ?"

ಎಂಆರ್‌ಪಿಯನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅರ್ಧಕ್ಕಿಂತ ಕಡಿಮೆಗೆ ಕೊಟ್ಟೆವು ಅನ್ನಿಸಲಿಕ್ಕೆಂದೇ ಅದನ್ನು ಅಷ್ಟು ಎತ್ತರಕ್ಕೆ ಅಚ್ಚು ಹಾಕಿರುತ್ತಾರೆ. ನನಗೆ ಬೇಕಿದ್ದದ್ದು 40 ಅನ್ನುವ ಅಂಕಿ, ಅದು ಇಡೀ ಆರು ಇಂಚಿಗೆ ಹೇಳಿದ್ದೋ ಅಥವಾ ಒಳಗಿನ ಒಂದು ಪದರಕ್ಕೋ ಅನ್ನುವುದು.

ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು, ಅಷ್ಟೇ. 40 ಅಂದರೆ 40 ಕೆಜಿ. ಹಾಗಾಗಿ ಅಳತೆ ಗೊತ್ತಿದ್ದರೆ ತೂಕದಿಂದಲೇ ಅದನ್ನು ಪರೀಕ್ಷಿಸಬಹುದು. ಇಂಚುಗಳನ್ನು ಗುಣಿಸಿ 61,000ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 78, 60, 6 ಗುಣಿಸಿದರೆ 28,080, ಭಾಗಿಸಿದರೆ 0.46. ಇಡೀ ಹಾಸಿಗೆ 40 ಡೆನ್ಸಿಟಿಯದಾಗಿದ್ದರೆ ಬರೀ ಫೋಮೇ 18.4 ಕೆಜಿ ಇರಬೇಕು. ಜಿಪ್ ಇರುವ ತೆಳು ಹೊದಿಕೆಗೆ ಇನ್ನೆರಡು ಕೆಜಿ ಸೇರಿಸಿ. ಅಂದರೆ 20 ಕೆಜಿ ದಾಟಬೇಕು.

ಟ್ಯಾಗಿನಲ್ಲಿ ತೂಕ ಇರಲಿಲ್ಲ, ಬಹಳಷ್ಟರಲ್ಲಿ ಇರುವುದೂ ಇಲ್ಲ. "ಪಾರ್ಸೆಲ್ ತೂಗೋ ತಕ್ಕಡಿ ಇದ್ದೇ ಇರುತ್ತೆ, ಒಂದ್ಸಲ ಇಡಿಸಿ ನೋಡು" ಅಂದೆ. ಅಂಗಡಿಯವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ, ಆದರೂ ಇಟ್ಟರು. 16.8 ಕೆಜಿ. ಹೊದಿಕೆಯ ಎರಡು ಕೆಜಿ ಕಳೆದರೆ 14.8, ಅದನ್ನು 0.46ರಿಂದ ಭಾಗಿಸಿದರೆ ಸರಾಸರಿ ಸುಮಾರು 32.

ಆಮೇಲೆ ಜಿಪ್ ತೆಗೆಸಿ ಪಕ್ಕದಿಂದ ಫೋಟೋ ತೆಗೆಯಲು ಹೇಳಿದೆ. ಮೇಲೆ ಎರಡಿಂಚಿನ ಗುಲಾಬಿ ಫೋಮ್, ಅದರ ಕೆಳಗೆ ನಾಲ್ಕಿಂಚಿನ ಬಿಳಿ ಫೋಮ್, ನಡುವೆ ಅಂಟಿನ ಗೆರೆ. ಬಣ್ಣದಿಂದ ಡೆನ್ಸಿಟಿ ಗೊತ್ತಾಗುವುದಿಲ್ಲ. ಕಾರ್ಖಾನೆಯವರು ತಮಗೆ ಗುರುತಿಗೆ ಬೇಕಾದ ಬಣ್ಣ ಹಾಕಿಕೊಳ್ಳುತ್ತಾರೆ. ಆದರೆ ಪದರ ಎರಡಿವೆ ಅನ್ನುವುದಂತೂ ಖಚಿತ. ಮೇಲಿನ ಎರಡಿಂಚು 40, ಕೆಳಗಿನ ನಾಲ್ಕಿಂಚು 28 ಅಂದುಕೊಂಡರೆ ಸರಾಸರಿ ಸರಿಯಾಗಿ 32 ಬರುತ್ತದೆ. ಟ್ಯಾಗ್ ಸುಳ್ಳು ಹೇಳಿರಲಿಲ್ಲ, ಅರ್ಧ ಮಾತ್ರ ಹೇಳಿತ್ತು.

ಜಿಪ್ ಇಲ್ಲದೆ ದಪ್ಪ ಕ್ವಿಲ್ಟಿಂಗ್ ಹೊಲಿದ ಹಾಸಿಗೆಗೆ ಈ ಲೆಕ್ಕವನ್ನು ಹೀಗೇ ಹಾಕಿದರೆ ತಪ್ಪುತ್ತದೆ. ಟ್ಯಾಗಿನ ಆರಿಂಚಿನಲ್ಲಿ ಕ್ವಿಲ್ಟಿಂಗೇ ಒಂದಿಂಚು ತಿಂದಿರಬಹುದು. ಆಗ ಐದಿಂಚಿಗೆ ಲೆಕ್ಕ ಹಾಕಿ, ಹೊದಿಕೆಯ ತೂಕವನ್ನೂ ಹೆಚ್ಚು ಕಳೆಯಬೇಕು. ಇನ್ನೊಂದು ಸಂಗತಿಯೂ ಇದೆ. ಕೆಲವರು ಫೋಮ್ ಮಾಡುವಾಗಲೇ ಸೀಮೆಸುಣ್ಣದ ಪುಡಿಯಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಡೆನ್ಸಿಟಿ ಏರುತ್ತದೆ, ತೂಕವೂ ತಾಳೆಯಾಗುತ್ತದೆ, ಆದರೆ ಬಾಳಿಕೆ ಬರುವುದಿಲ್ಲ. ಬೇಗ ತಗ್ಗು ಬೀಳುತ್ತದೆ. ಇದು ಫೋಟೋದಲ್ಲಿ ಕಾಣುವಂಥದ್ದಲ್ಲ. ಜಿಪ್ ತೆಗೆದಾಗ ಅಂಚನ್ನು ಕಪ್ಪು ಬಟ್ಟೆಯಿಂದ ಉಜ್ಜಿದರೆ ಬಿಳಿ ಪುಡಿ ಹತ್ತುತ್ತದೆಯೇ, ತುಂಡು ಚಿವುಟಿದರೆ ಎಳೆದುಕೊಂಡು ಹರಿಯುತ್ತದೋ ಪುಡಿಪುಡಿಯಾಗುತ್ತದೋ ನೋಡಬೇಕು. ಅವಳ ಓಢಣಿಗೆ ಏನೂ ಹತ್ತಲಿಲ್ಲ.

ಇಷ್ಟರಲ್ಲಿ ಅಂಗಡಿಯವರು ಇನ್ನೊಂದನ್ನು ತೋರಿಸಿದ್ದರು. ಅದರ ಟ್ಯಾಗಿನಲ್ಲಿ 100 ಡೆನ್ಸಿಟಿ. "ಇದು ಎರಡೂವರೆ ಪಟ್ಟು ಒಳ್ಳೇದಲ್ವಾ ಮಾಮ?" ಅಂದಳು. ಅಲ್ಲ. 100 ಅಂತ ಕಂಡರೆ ಅದು ರೀಬಾಂಡೆಡ್: ಕತ್ತರಿಸಿ ಉಳಿದ ಫೋಮ್ ಚೂರುಗಳನ್ನು ಅರೆದು, ಅಂಟು ಬೆರೆಸಿ ಒತ್ತಿದ್ದು. ಗಟ್ಟಿಯಾಗಿರುತ್ತದೆ, ಭಾರವಾಗಿರುತ್ತದೆ, ಕೆಜಿಯ ಲೆಕ್ಕದಲ್ಲಿ ಅಗ್ಗ. ಬೆನ್ನಿಗೆ ಗಟ್ಟಿ ಬೇಕು ಅನ್ನುವವರು ಅದನ್ನೇ ಕೇಳಿ ಒಯ್ಯುತ್ತಾರೆ, ತಪ್ಪೇನಿಲ್ಲ. ಆದರೆ ಅದರ 100ನ್ನು ಸಾದಾ ಫೋಮಿನ 40ರ ಪಕ್ಕದಲ್ಲಿಟ್ಟು ಹೋಲಿಸಬಾರದು. ವಿದೇಶದ ಟ್ಯಾಗಿನಲ್ಲಿ 2.5 ಅಂತ ಕಂಡರೂ ಗಾಬರಿಯಾಗಬೇಕಿಲ್ಲ. ಅದು ಘನ ಅಡಿಗೆ ಪೌಂಡಿನ ಲೆಕ್ಕ, 16ರಿಂದ ಗುಣಿಸಿದರೆ ನಮ್ಮ 40.

ಇನ್ನು ಮೀಡಿಯಂ ಫರ್ಮ್. ಈ ಮಾತಿಗೆ ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ. ಡೆನ್ಸಿಟಿ ಹೆಚ್ಚಿದ್ದರೆ ಗಟ್ಟಿ ಅಂತ ಗಿರಾಕಿಗಳೂ ಅಂಗಡಿಯವರೂ ನಂಬಿದ್ದಾರೆ, ಅದೂ ನಿಜವಲ್ಲ. ನನ್ನ ಅಂಗಡಿಯಲ್ಲೇ 32ರಲ್ಲಿ ಮೆತ್ತಗಿನದೂ ಇದೆ, ಗಟ್ಟಿಯದೂ ಇದೆ. ಗಟ್ಟಿತನ ರಸಾಯನಗಳ ಬೆರಕೆಯಿಂದ ಬರುವಂಥದ್ದು. ಡೆನ್ಸಿಟಿ ಹೇಳುವುದು ಹೆಚ್ಚಾಗಿ ಬಾಳಿಕೆಯನ್ನು. ಗಟ್ಟಿತನಕ್ಕೆ ಐಎಲ್‌ಡಿ ಅಥವಾ ಐಎಫ್‌ಡಿ ಅನ್ನುವ ಬೇರೆಯೇ ಅಂಕಿ ಇದೆ: ದುಂಡನೆಯ ಬಿಲ್ಲೆಯೊಂದನ್ನು ಫೋಮಿನ ಮೇಲಿಟ್ಟು ದಪ್ಪದ ಇಷ್ಟು ಭಾಗದಷ್ಟು ಒತ್ತಲು ಎಷ್ಟು ಬಲ ಬೇಕು ಅನ್ನುವುದು. ಅಮೆರಿಕದವರು ಸಾಮಾನ್ಯವಾಗಿ ಶೇ. 25 ಒತ್ತಿ ಪೌಂಡಿನಲ್ಲಿ ಬರೆಯುತ್ತಾರೆ, ಉಳಿದೆಡೆ ಹೆಚ್ಚಾಗಿ ಶೇ. 40 ಒತ್ತಿ ನ್ಯೂಟನ್‌ನಲ್ಲಿ. ಒತ್ತಿದ ಪ್ರಮಾಣವೇ ಬೇರೆಯಾದ್ದರಿಂದ ಒಂದನ್ನು ಇನ್ನೊಂದಕ್ಕೆ ನೇರವಾಗಿ ಇಳಿಸಲು ಬರುವುದಿಲ್ಲ. ಅವಳ ಟ್ಯಾಗಿನಲ್ಲಿ ಇದ್ಯಾವುದೂ ಇರಲಿಲ್ಲ. ಹಾಗಾಗಿ ಚಪ್ಪಲಿ ಬಿಟ್ಟು, ಪಕ್ಕಕ್ಕೆ ತಿರುಗಿ, ಹತ್ತು ನಿಮಿಷ ಮಲಗು ಅಂದೆ. ಭುಜ ಒತ್ತಿದರೆ ಅವಳಿಗೆ ಅದು ಗಟ್ಟಿ, ಸೊಂಟ ಕುಸಿದರೆ ಮೆತ್ತಗೆ. ಸರಿಯಾಗಿದೆ ಅಂದಳು.

ಬೆಲೆಯ ಲೆಕ್ಕ. ನನಗೆ ಫೋಮ್ ಹಾಕುವವರು ಆ ವಾರ ಈ ದರ್ಜೆಗೆ ಕೆಜಿಗೆ 260 ಹೇಳಿದ್ದರು. ಇದು ಸ್ಥಿರವಲ್ಲ, ಫೋಮ್ ಮಾಡುವ ರಸಾಯನಗಳಾದ ಟಿಡಿಐ ಮತ್ತು ಪಾಲಿಯಾಲ್ ದರ ಏರಿದಂತೆ ಏರುತ್ತದೆ. ನಿಮ್ಮೂರಿನ ಫೋಮ್ ಅಂಗಡಿಯಲ್ಲಿ ಕೇಳಿಕೊಳ್ಳಬೇಕು. 14.8 ಕೆಜಿಗೆ ಸುಮಾರು 3,850. ಬಟ್ಟೆ, ಜಿಪ್, ಹೊಲಿಗೆಗೆ 1,800. ಒಟ್ಟು 5,650. ಕಾರ್ಖಾನೆ, ಸಾಗಣೆ, ಅಂಗಡಿ ಬಾಡಿಗೆ, ಅವರ ಲಾಭ ಎಲ್ಲ ಸೇರಿ ಮೂರನೇ ಒಂದು ಭಾಗ ಅಂತ ನಾನು ಹಾಕುವುದು ವಾಡಿಕೆ. ಜಾಹೀರಾತು ಕೊಡುವ ದೊಡ್ಡ ಬ್ರ್ಯಾಂಡಿಗೆ ಇದು ಸಾಲದು. 7,550 ಆಯಿತು. ಶೇ. 18 ಜಿಎಸ್‌ಟಿ ಸೇರಿಸಿದರೆ 8,900. ಇಡೀ ಆರಿಂಚು ನಿಜವಾಗಿ 40 ಆಗಿದ್ದಿದ್ದರೆ ಇದೇ ದಾರಿಯಲ್ಲಿ 10,400 ಬರುತ್ತಿತ್ತು. ಅವರು ಕೇಳಿದ 11,500 ಅದಕ್ಕಿಂತಲೂ ಹೆಚ್ಚು.

"ಜಗಳ ಆಡಬೇಡ, ಕೆಳಗಿನ ನಾಲ್ಕಿಂಚು ಎಷ್ಟು ಡೆನ್ಸಿಟಿ ಅಂತ ಬಿಲ್ಲಿನ ಮೇಲೆ ಬರೆದು ಕೊಡಿ ಅಂತ ಮಾತ್ರ ಕೇಳು" ಅಂದೆ. ಅವರು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರಂತೆ. ಬಿಲ್ಲಿನಲ್ಲಿ ಎರಡು ಪದರವನ್ನೂ ಬೇರೆ ಬೇರೆ ಬರೆದರು, 40 ಮತ್ತು 28. ಬೆಲೆ 9,200ಕ್ಕೆ ನಿಂತಿತು, ಮನೆಗೆ ಸಾಗಿಸುವುದೂ ಸೇರಿ. ಅಷ್ಟಕ್ಕೆ ತಗೋ ಅಂದೆ.