ಎರಡು ಕಡೆ ರೈಲು ಬದಲಿಸಬೇಕಾ? ಕೊನೆಯ ನಿಲ್ದಾಣದ ಹೆಸರು ಹಿಡಿಯಿರಿ

ಮಂಗಳೂರಿನಲ್ಲಿ ಸುರತ್ಕಲ್‌ನಿಂದ ಲಾಲ್‌ಬಾಗಿಗೆ ಹೋಗಬೇಕಾದರೆ ನಾವು 'ಸ್ಟೇಟ್ ಬ್ಯಾಂಕ್' ಬೋರ್ಡಿನ ಬಸ್ಸು ಹತ್ತುತ್ತೇವೆ. ಇಳಿಯುವುದು ಲಾಲ್‌ಬಾಗಿನಲ್ಲಿ, ಬೋರ್ಡಿನಲ್ಲಿರುವುದು ಬಸ್ಸಿನ ಕೊನೆಯ ಸ್ಟಾಪು. ಬೆಂಗಳೂರಿನ ಮೆಟ್ರೋ ಓದುವುದೂ ಹೀಗೆಯೇ.

ಕಳೆದ ತಿಂಗಳು ಅಕ್ಕನ ಮಗಳು ಮಂಗಳೂರಿನಿಂದ ಇಂಟರ್‌ವ್ಯೂಗೆ ಹೊರಟಳು. ಉಳಿಯುವುದು ಇಂದಿರಾನಗರದ ನೆಂಟರ ಮನೆಯಲ್ಲಿ, ಹೋಗಬೇಕಾದ್ದು ಎಲೆಕ್ಟ್ರಾನಿಕ್ ಸಿಟಿಗೆ. ಹೊರಡುವ ಮುನ್ನ ಮನೆಯಲ್ಲೇ ಮ್ಯಾಪ್ ಹಿಡಿದು ಕೂತೆವು.

ಮೊದಲು ಬಣ್ಣ ನೋಡಿ. ಇಂದಿರಾನಗರ ನೇರಳೆ ಲೈನು, ಎಲೆಕ್ಟ್ರಾನಿಕ್ ಸಿಟಿ ಹಳದಿ ಲೈನು. ಇವೆರಡೂ ಎಲ್ಲೂ ಸೇರುವುದಿಲ್ಲ. ನಡುವೆ ಹಸಿರು ಬೇಕು. ನೇರಳೆ ಮತ್ತು ಹಸಿರು ಸೇರುವುದು ಮೆಜೆಸ್ಟಿಕ್‌ನಲ್ಲಿ, ಹಸಿರು ಮತ್ತು ಹಳದಿ ಸೇರುವುದು ಆರ್.ವಿ. ರೋಡಿನಲ್ಲಿ. ಅಲ್ಲಿಗೆ ಬದಲಿಸುವ ಜಾಗ ಎರಡೂ ಸಿಕ್ಕಿದವು.

ಈಗ ದಿಕ್ಕು. ಹತ್ತುವ ನಿಲ್ದಾಣದ ಮೇಲೆ ಬೆರಳಿಡಿ. ಇಳಿಯುವ ನಿಲ್ದಾಣದ ಕಡೆಗೆ ಜಾರಿಸಿ. ಅಲ್ಲಿ ನಿಲ್ಲಿಸಬೇಡಿ, ಅದೇ ಬಣ್ಣದ ಗೆರೆ ಮುಗಿಯುವವರೆಗೂ ಹೋಗಿ. ಕೊನೆಯಲ್ಲಿ ಸಿಗುವ ಹೆಸರೇ ಪ್ಲಾಟ್‌ಫಾರಂ ಬೋರ್ಡಿನಲ್ಲಿ ಹುಡುಕಬೇಕಾದ ಹೆಸರು. ಅವಳ ಚೀಟಿಯಲ್ಲಿ ಮೂರೇ ಸಾಲು:

ನೇರಳೆ, ಚಲ್ಲಘಟ್ಟ ಕಡೆ, ಮೆಜೆಸ್ಟಿಕ್‌ನಲ್ಲಿ ಇಳಿ.
ಹಸಿರು, ರೇಷ್ಮೆ ಸಂಸ್ಥೆ ಕಡೆ, ಆರ್.ವಿ. ರೋಡಿನಲ್ಲಿ ಇಳಿ.
ಹಳದಿ, ಬೊಮ್ಮಸಂದ್ರ ಕಡೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿ.

ಎರಡನೇ ಸಾಲಿನಲ್ಲಿ ಜಾಸ್ತಿ ಜನ ಎಡವುತ್ತಾರೆ. ರೇಷ್ಮೆ ಸಂಸ್ಥೆ ಅಂದರೆ ಸಿಲ್ಕ್ ಇನ್‌ಸ್ಟಿಟ್ಯೂಟ್, ಹಸಿರು ಲೈನಿನ ತುದಿ, ಕನಕಪುರ ರಸ್ತೆಯಲ್ಲಿದೆ. ಎಲ್ಲರ ಬಾಯಲ್ಲೂ ಇರುವ ಸಿಲ್ಕ್ ಬೋರ್ಡ್ ಬೇರೆ, ಅದು ಹಳದಿ ಲೈನಿನದು. ಎರಡರಲ್ಲೂ 'ಸಿಲ್ಕ್' ಇದೆಯೆಂದು ಆರ್.ವಿ. ರೋಡಿನಲ್ಲಿ ಇಳಿಯದೆ ಕೂತರೆ ಮುಂದೆ ಬರುವುದು ಬನಶಂಕರಿ.

ಬದಲಿಸುವಾಗ ಗೇಟಿನಿಂದ ಹೊರಗೆ ಹೋಗಬೇಡಿ. ಟೋಕನ್ ಆಗಲಿ ಕಾರ್ಡ್ ಆಗಲಿ, ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗೇಟಿನಲ್ಲಿ ಮಾತ್ರ ಬೇಕು. ಒಳಗೇ ಬಣ್ಣದ ಬೋರ್ಡು ನೋಡಿಕೊಂಡು ನಡೆಯಿರಿ. ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು, ಜನಜಂಗುಳಿ ಎರಡೂ ಇವೆ, ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ.

ತಪ್ಪು ರೈಲು ಹತ್ತಿದ್ದು ಗೊತ್ತಾಗುವುದು ಹೇಗೆ? ಪ್ರತಿ ಸಾಲಿನ ಪಕ್ಕ ಹತ್ತಿದ ಮೇಲೆ ಬರುವ ಮೊದಲ ನಿಲ್ದಾಣವನ್ನೂ ಬರೆದಿಡಿ. ಮೆಜೆಸ್ಟಿಕ್‌ನಲ್ಲಿ ಹಸಿರು ರೈಲು ಹತ್ತಿದ ಮೇಲೆ ಚಿಕ್ಕಪೇಟೆ ಅಂತ ಕೇಳಿಸಬೇಕು. ಸಂಪಿಗೆ ರಸ್ತೆ ಅಂತ ಕೇಳಿಸಿದರೆ ಮಾದಾವರ ಕಡೆಗೆ ಹೊರಟಿದ್ದೀರಿ. ಗಾಬರಿ ಬೇಡ, ಅಲ್ಲೇ ಇಳಿದು, ಗೇಟು ದಾಟದೆ ಎದುರು ದಿಕ್ಕಿನ ರೈಲು ಹಿಡಿಯಿರಿ.

ವಾಪಸು ಬರುವಾಗ ಅದೇ ಚೀಟಿಯನ್ನು ಕೆಳಗಿನಿಂದ ಓದಿದರೆ ಸಾಲದು, ದಿಕ್ಕಿನ ಹೆಸರು ಮೂರೂ ಬದಲಾಗುತ್ತವೆ. ಹಳದಿಯಲ್ಲಿ ಆರ್.ವಿ. ರೋಡ್, ಹಸಿರಿನಲ್ಲಿ ಮಾದಾವರ, ನೇರಳೆಯಲ್ಲಿ ವೈಟ್‌ಫೀಲ್ಡ್. ಅವಳು ಚೀಟಿಯ ಹಿಂಬದಿಯಲ್ಲಿ ಇದನ್ನೂ ಬರೆದುಕೊಂಡೇ ಬಸ್ಸು ಹತ್ತಿದಳು.